ತೂಲಾದ ಸಮೋವಾರ್

(1880ರ ದಶಕದ ರಷ್ಯಾ. ಅಂಚೆ ಗಾಡಿ ಹೊಡೆಯುವ ಮುದುಕ ಯೆಗೋರ್ ತನ್ನ ಜಾರುಗಾಡಿಯಲ್ಲಿ ಕೂತ ಪ್ರಯಾಣಿಕನಿಗೆ ಹೇಳುವ ಮಾತಿದು. ಅವನ ಮಾತಿನ ಧಾಟಿಗೆ ಧಕ್ಕೆ ಬರಬಾರದು ಅಂತ ವಾಕ್ಯಗಳನ್ನು ನಯಮಾಡಲು ಹೋಗಿಲ್ಲ. ಅಲ್ಲಿನ ಸಾಮಾನುಗಳಿಗೆ ಅಲ್ಲಿನ ಹೆಸರನ್ನೇ ಇಟ್ಟಿದ್ದೇನೆ. – ಅನುವಾದಕಿ)

ಇನ್ನೂ 7 ವೆರ್ಸ್ತಾ ಇದೆ ಧಣಿ. ಹಿಮ ಬೀಳದಿದ್ದರೆ ಒಂದು ಗಂಟೆಯ ದಾರಿ. ಆ ಕುರಿತೊಗಲಿನ ತುಲೂಪನ್ನು ಕಿವಿವರೆಗೆ ಎಳೆದುಕೊಳ್ಳಿ, ಕುಜ್ಮಾನ ಕಥೆ ಹೇಳುತ್ತೇನೆ.

ನಮ್ಮೂರಲ್ಲಿ ವೋಡ್ಕಾ ಅಂಗಡಿ ಇಟ್ಟವನು ಅವನು. ಕುದುರೆಗೆ ಅಂತ ಅವನ ಹತ್ತಿರ ಓಟ್ಸ್ ಸಾಲ ತಂದಿದ್ದೆ, ಮೂರು ರೂಬಲ್ಲಿಗೆ. ಕ್ರಿಸ್‌ಮಸ್‌ಗೆ ಕೊಡುತ್ತೇನೆ ಅಂದಿದ್ದೆ. ಆಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಮೇಲೆ ದೇವರಿದ್ದಾನೆ.

ಕ್ರೆಶ್ಚೇನಿಯೆ ಹಬ್ಬದ ಮಾರನೇ ದಿನ ಬಂದ. ಎಂಥ ಚಳಿ ಅಂತೀರಿ, ಗುಬ್ಬಿಗಳು ಹಾರುತ್ತಾ ಹಾರುತ್ತಾನೇ ಸತ್ತು ಬೀಳುತ್ತಿದ್ದವು. ನಾನು ಪೇಚ್ ಮೇಲೆ ಮಲಗಿದ್ದೆ. ಒಳ್ಳೇ ಇಟ್ಟಿಗೆ ಒಲೆ ನಮ್ಮದು, ಮೇಲೆ ಮೂರು ಜನ ಆರಾಮಾಗಿ ಕಾಲು ಚಾಚಬಹುದು. ನನ್ನ ಹೆಂಡತಿ ಅಗಾಫ್ಯಾ ಚಹಾದ ನೀರು ಕಾಯಿಸಲು ಸಮೋವಾರ್ ಹಚ್ಚಿದ್ದಳು. ಅವಳ ತವರಿನ ಬಳುವಳಿ ಧಣಿ, ತೂಲಾದ್ದು, ಹಿತ್ತಾಳೆಯದು! ನಡುವಿನ ಕೊಳವೆಗೆ ಕೆಂಡ, ಪೈನ್ ಕಾಯಿ ಹಾಕಿ, ಮೇಲೆ ಹಳೇ ಬೂಟು ಸಿಕ್ಕಿಸಿ ತಿದಿಯ ಹಾಗೆ ಒತ್ತಿದ್ದಳು. ನೀರು ಸದ್ದು ಮಾಡಲು ಶುರುವಾಗಿತ್ತು.

ಕುಜ್ಮಾ ಒಳಗೆ ಬಂದ. ಟೋಪಿ ತೆಗೆಯಲಿಲ್ಲ. ಮೂಲೆಯಲ್ಲಿ ಸಂತ ನಿಕೋಲಾನ ಐಕನ್ ಇದೆ, ಮುಂದೆ ದೀಪ ಉರಿಯುತ್ತಿದೆ. ಅದರ ಕಡೆ ತಿರುಗಿ ಎದೆಯ ಮೇಲೆ ಶಿಲುಬೆಯ ಗುರುತೂ ಮಾಡಲಿಲ್ಲ. ಕ್ರೈಸ್ತನಾದವನು ಇನ್ನೊಬ್ಬರ ಮನೆಗೆ ಹಾಗೆ ಬರುತ್ತಾನಾ? ಹಿಮ ಮೆತ್ತಿದ ವಾಲೆಂಕಿ ಬೂಟಿನಲ್ಲೇ ಮೇಜಿನವರೆಗೆ ನಡೆದ.

"ಸಾಲಕ್ಕೆ ಇದನ್ನ ಒಯ್ಯುತ್ತೇನೆ," ಅಂದ.

"ಕುಜ್ಮಾ ಇಲ್ಯಿಚ್, ಒಳಗೆ ಕೆಂಡ ಇದೆ. ಆರೋವರೆಗೆ ತಾಳಿ," ಅಂದಳು ಅಗಾಫ್ಯಾ.

ಕೇಳುವವನಾ ಅವನು! ಭಾರ ಜಾಸ್ತಿ ಅಂತ ನಲ್ಲಿ ತಿರುಗಿಸಿ ನೀರನ್ನೆಲ್ಲ ಹೊಸಿಲಾಚೆ ಬಿಟ್ಟ. ಕೆಂಡ ಹಾಗೇ ಇತ್ತು. ಎತ್ತಿಕೊಂಡು ಹೊರಟ. ನಾನು ಪೇಚ್‌ನಿಂದ ಇಳಿಯುವಷ್ಟರಲ್ಲಿ ಬೀದಿಗಿಳಿದಿದ್ದ. ಅಗಾಫ್ಯಾ ತಲೆಗೆ ಶಾಲು ಹೊದ್ದು ಅವನ ಹಿಂದೆಯೇ ನಡೆದಳು, ಅವಳ ಹಿಂದೆ ಹುಡುಗರ ಹಿಂಡು.

ನೀರಿಲ್ಲದ ಸಮೋವಾರ್‌ನಲ್ಲಿ ಕೆಂಡ ಇದ್ದರೆ ಏನಾಗುತ್ತೆ ಗೊತ್ತಲ್ವಾ? ಬೆಸುಗೆ ಕರಗುತ್ತೆ. ಬಾವಿಯ ಹತ್ತಿರ ನಲ್ಲಿ ಕಳಚಿ ಬಿತ್ತು. ಪಾದ್ರಿಯ ಮನೆ ಬೇಲಿಗೆ ಬರುವಾಗ ಒಂದು ಹಿಡಿಯೂ ಬಿತ್ತು. ಅಗಾಫ್ಯಾ ಒಂದೊಂದನ್ನೂ ಹಿಮದಿಂದ ಹೆಕ್ಕಿ ಉಡಿಗೆ ಹಾಕಿಕೊಂಡಳು, ತುಟಿ ಬಿಚ್ಚಲಿಲ್ಲ. ಕುಜ್ಮಾ ನಿಂತ, ಅವಳ ಮುಖ ನೋಡಿದ. ಸಮೋವಾರನ್ನು ಅಲ್ಲೇ ದಾರಿಯಲ್ಲಿ ಕುಕ್ಕಿ, ಉಗಿದು ಹೋದ.

ಬೆಸುಗೆಯವನಿಗೆ ನಲವತ್ತು ಕೊಪೆಕ್ ಕೊಟ್ಟೆ. ಸಾಲವನ್ನು ಈಸ್ಟರ್‌ಗೆ ತೀರಿಸಿದೆ. ಹಣ ಕೊಡಲು ಹೋದವಳು ಅವಳೇ, ನನ್ನನ್ನು ಬಿಡಲಿಲ್ಲ. ಅಲ್ಲಿ ಅವನ ಅಂಗಡಿಯಲ್ಲಿ ಆಗಿದ್ದೇ ಬೇರೆ ಕಥೆ, ಅದನ್ನೂ ಹೇಳುತ್ತೇನೆ, ಮೊದಲು ಈ ಇಳಿಜಾರು ದಾಟಲಿ. ಹೋಯ್, ನಡಿಯೋ ಮುದ್ದು! ಎಡಕ್ಕೆ ಹಳ್ಳ ಇದೆ ಧಣಿ, ಬಿಗಿಯಾಗಿ ಹಿಡಿದುಕೊಳ್ಳಿ.