ಶುಕ್ರವಾರದ ‘ತೋರ್ಸು, ಹೇಳು’

ಅಕ್ಕಾ, ಈ ಶುಕ್ರವಾರ ನಾನು ತರಬೇತಿಗೆ ರಾಮನಗರಕ್ಕೆ ಹೋಗ್ತೀನಿ. ಮಕ್ಕಳು ಮನೆಯಿಂದ ಒಂದು ವಸ್ತು ತಂದು ತೋರಿಸಿ ಮಾತಾಡೋ ‘ತೋರ್ಸು, ಹೇಳು’ ನಿಲ್ಲೋದು ಬೇಡ, ನೀವೇ ನಡೆಸಿ. ನಾನು ಆಡೋ ಮಾತನ್ನ ಹಾಗೇ ಬರೆದಿದ್ದೀನಿ.

10.30ಕ್ಕೆ ಚಾಪೆ ಹಾಸಿ ಎಲ್ಲರನ್ನೂ ಗುಂಡಗೆ ಕೂರಿಸಿ. ದಿನಕ್ಕೆ ಐದೇ ಮಕ್ಕಳ ಸರದಿ. 15 ನಿಮಿಷ ದಾಟಿದ್ರೆ ಚಿಕ್ಕವು ಎದ್ದು ಓಡ್ತವೆ. ಮನೆಯಿಂದ ಏನೂ ತರದ ಮಗು ಕಿಟಕಿ ಹತ್ತಿರದ ಬುಟ್ಟಿಯಿಂದ ಆರಿಸ್ಕೊಳ್ಳಲಿ. ‘ಯಾಕೆ ತರ್ಲಿಲ್ಲ’ ಅಂತ ಕೇಳ್ಬೇಡಿ.

ಮೊದಲು ನೀವು ತೆಂಗಿನ ಚಿಪ್ಪು ಹಿಡಿದು ಹೇಳಿ:
“ಇದು ನನ್ನ ಚಿಪ್ಪು. ಇದು ಗಟ್ಟಿಯಾಗಿದೆ. ಇದು ನಂಗಿಷ್ಟ, ಯಾಕಂದ್ರೆ ಇದ್ರಲ್ಲಿ ಮಣ್ಣಿನ ಇಡ್ಲಿ ಮಾಡ್ಬಹುದು.”

‘ಇದು ನನ್ನ’, ‘ಇದು ನಂಗಿಷ್ಟ’, ‘ಯಾಕಂದ್ರೆ’ – ಈ ಮೂರನ್ನ ಎಳೆದು ಹೇಳಿ. ಮಕ್ಕಳು ಹಿಡ್ಕೊಳ್ಳೋ ಹಗ್ಗ ಅವೇ.

ಮಾತಾಡದ ಮಗು ನಿಂತಲ್ಲೇ ನಿಂತ್ರೆ ಮನಸ್ಸಲ್ಲೇ ಹತ್ತರವರೆಗೆ ಎಣಿಸಿ. ಆ ಮೌನ ನಮಗೇ ಕಷ್ಟ, ಮಗುವಿಗೆ ಅದು ಬೇಕು. ಆಮೇಲೆ, ಬುಗುರಿ ತಂದಿದ್ರೆ, ಕೇಳಿ: “ಬುಗುರಿ ಕೆಂಪೋ, ಹಸಿರೋ?” ಬೆರಳು ತೋರಿಸಿದ್ರೂ ಉತ್ತರವೇ. “ಹ್ಞಾ, ಕೆಂಪು ಬುಗುರಿ” ಅಂತ ನೀವು ಹೇಳಿ. ಇನ್ನೂ ಬಾಯಿ ಬಿಡದಿದ್ರೆ “ನಾನೂ ನೀನೂ ಸೇರಿ ಹೇಳೋಣ: ಇದು ನನ್ನ” ಅಂತ ಶುರು ಮಾಡಿ ನಿಲ್ಲಿಸಿ, “ಬುಗುರಿ” ಅನ್ನೋದು ಮಗುವಿನದು. ನಿಮ್ಮ ಕಿವೀಲಿ ಪಿಸುಗುಟ್ಟಬಹುದು, ಗೆಳತಿ ಕೈ ಹಿಡ್ಕೊಂಡು ನಿಲ್ಲಬಹುದು. ಉರ್ದುವಲ್ಲೋ ತೆಲುಗಲ್ಲೋ ಹೇಳಿದ್ರೆ ಆ ಪದವನ್ನ ಎಲ್ಲರೂ ಒಂದ್ಸಲ ಹೇಳಿ. ಬರೀ ತೋರಿಸಿ ಕೂತ್ರೂ ಸರದಿ ಆಯ್ತು ಅಂತಲೇ ಲೆಕ್ಕ. ‘ಇದು ನಾಚಿಕೆ ಮಗು’ ಅಂತ ಮಾತ್ರ ಅದರ ಮುಂದೆ ಅನ್ಬೇಡಿ ಅಕ್ಕಾ. ಕೇಳ್ತಾ ಕೇಳ್ತಾ ಅದು ಆ ಹೆಸರಲ್ಲೇ ಕೂತುಬಿಡುತ್ತೆ.

ನಿಲ್ಲದೆ ಮಾತಾಡೋ ಮಗುವನ್ನ ‘ಸಾಕು’ ಅಂತ ಕೂರಿಸ್ಬೇಡಿ, ಕೆಲಸ ಹೆಚ್ಚಿಸಿ. “ಮೊದಲು ಏನಾಯ್ತು, ಆಮೇಲೆ ಏನಾಯ್ತು?” ಹೋದ ವಾರ ರೇಷ್ಮೆ ಗೂಡು ತಂದಿದ್ದ ಹುಡುಗ ಹೇಳಿದ್ದು: “ಮೊದಲು ಹುಳ ಸೊಪ್ಪು ತಿಂತು, ಆಮೇಲೆ ಚಂದ್ರಿಕೆಗೆ ಬಿಟ್ರು, ಆಮೇಲೆ ಗೂಡು ಕಟ್ತು.” ಇಲ್ಲಾ, ವಸ್ತು ಚೀಲದಲ್ಲೇ ಇರಲಿ, ಒಗಟು ಹಾಕಲಿ: “ಇದು ಬೆಳ್ಳಗಿದೆ, ಹಗುರ ಇದೆ. ಏನು ಹೇಳಿ?”

ಕೇಳೋರಿಗೂ ಒಂದು ಮಾತು ಬೇಕು: “ಇದನ್ನ ಯಾರು ಕೊಟ್ರು?” “ನಾನು ಮುಟ್ಲಾ?” ಒಬ್ಬರ ಸರದಿಗೆ ಒಂದೇ ಪ್ರಶ್ನೆ. ಮುಟ್ಟೋಕೆ ಬಿಡದಿದ್ರೆ “ಬೇಡ, ನೋಡು ಸಾಕು” ಅನ್ನೋದನ್ನೂ ಕಲಿಸಿ. ಹುಣಸೆ ಬೀಜ, ಗೋಲಿ ತಂದಿದ್ರೆ ನಿಮ್ಮ ಕೈಯಲ್ಲೇ ಇರಲಿ, ಮೂರು ವರ್ಷದವು ಬಾಯಿಗೆ ಹಾಕ್ತವೆ.

ಮುಗಿದ ಮೇಲೆ ಮಗುವೇ ತನ್ನ ವಸ್ತುವನ್ನ ಚೀಲಕ್ಕೆ ಹಾಕ್ಲಿ. ಯಾರು ಪಿಸುಗುಟ್ಟಿದ್ರು, ಯಾರು ಬೆರಳು ತೋರಿಸಿದ್ರು ನೆನಪಿಟ್ಕೊಂಡಿರಿ, ಶನಿವಾರ ಬಂದು ಕೇಳ್ತೀನಿ.