ವಿಷಯ: ಸೋಮವಾರದಿಂದ ಕೈ ಶುಚಿತ್ವದ ಆಡಿಟ್ – ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲ

ಎಲ್ಲರಿಗೂ ನಮಸ್ಕಾರ,

ಬರುವ ಸೋಮವಾರದಿಂದ ನಮ್ಮ ಎಲ್ಲ ವಾರ್ಡ್‌ಗಳಲ್ಲಿ, ಐಸಿಯು, ಡಯಾಲಿಸಿಸ್ ಮತ್ತು ತುರ್ತು ವಿಭಾಗದಲ್ಲಿ ಕೈ ಶುಚಿತ್ವದ ಆಡಿಟ್ ಶುರುವಾಗುತ್ತದೆ. ಆಡಿಟ್ ಅಂದ ಕೂಡಲೇ ಮೆಮೊ, ಬೈಗುಳ, ಸರ್ವಿಸ್ ಫೈಲ್ ನೆನಪಾಗುತ್ತದೆ, ಅಲ್ವಾ? ಅವು ಯಾವುವೂ ಇಲ್ಲಿ ಇರುವುದಿಲ್ಲ.

ಸೋಂಕು ನಿಯಂತ್ರಣ ತಂಡದ ನರ್ಸ್‌ಗಳು ಒಂದು ಸಲಕ್ಕೆ ಸುಮಾರು 20 ನಿಮಿಷ ನಿಮ್ಮ ವಾರ್ಡಿನಲ್ಲಿ ನಿಲ್ಲುತ್ತಾರೆ. ಕೈ ಶುಚಿ ಮಾಡಬೇಕಾದ ಸಂದರ್ಭ ಎಷ್ಟು ಬಂತು, ಎಷ್ಟು ಸಲ ಮಾಡಿದ್ದಾಯಿತು ಎಂದು ಎಣಿಸುತ್ತಾರೆ. ಹಾಳೆಯಲ್ಲಿ ಡಾಕ್ಟರ್, ನರ್ಸ್, ಟೆಕ್ನಿಷಿಯನ್, ವಾರ್ಡ್ ಸಹಾಯಕರು ಎಂದಷ್ಟೇ ಇರುತ್ತದೆ. ಹೆಸರು ಬರೆಯಲು ಜಾಗವನ್ನೇ ಇಟ್ಟಿಲ್ಲ. ಅದರ ಬದಲು ಒಂದು ಹೊಸ ಕಾಲಂ ಸೇರಿಸಿದ್ದೇವೆ: 'ಏನು ಅಡ್ಡಿಯಾಯಿತು?'

ಆ ಕಾಲಂ ಯಾಕೆ ಬಂತು ಎಂದು ಹೇಳಬೇಕು. ಕಳೆದ ವಾರ ಒಂದು ರಾತ್ರಿ ಪಾಳಿಯಲ್ಲಿ ನಾನು ಐಸಿಯುನಲ್ಲಿ ಒಂದು ಗಂಟೆ ಸುಮ್ನೆ ನಿಂತು ನೋಡಿದೆ. ನರ್ಸ್ ಒಬ್ಬರು ಐವಿ ಲೈನ್ ಮುಟ್ಟುವ ಮೊದಲು ಹ್ಯಾಂಡ್‌ರಬ್ ಬಾಟಲಿ ಒತ್ತಿದರು. ಖಾಲಿ. ಪಕ್ಕದ ಬೆಡ್‌ಗೆ ಹೋದರು, ಅಲ್ಲಿ ಪಂಪ್ ಕೆಟ್ಟಿತ್ತು. ಮೂರನೇ ಬೆಡ್‌ನ ಬಾಟಲಿಯಿಂದ ಕೈ ಉಜ್ಜಿಕೊಂಡು ವಾಪಸ್ ಬಂದರು. ಅಷ್ಟರಲ್ಲಿ ಇನ್ನೊಂದು ಬೆಡ್‌ನ ಮಾನಿಟರ್ ಕೂಗುತ್ತಿತ್ತು. ಅವರು ಆ ಹೊತ್ತಿನಲ್ಲೂ ಕೈ ಶುಚಿ ಮಾಡಿಕೊಂಡರಲ್ಲ, ಅದಕ್ಕೆ ನಾನು ಋಣಿ. ಖಾಲಿ ಬಾಟಲಿಯ ತಪ್ಪು ಆಡಳಿತದ್ದು, ಅಂದರೆ ನನ್ನದು. ಇನ್ನು ಮುಂದೆ ಪ್ರತಿ ಪಾಳಿ ಶುರುವಾಗುವ ಮೊದಲು ಬಾಟಲಿಗಳನ್ನು ಸ್ಟೋರ್‌ನವರು ನೋಡಿ ಬದಲಿಸುತ್ತಾರೆ. ನಿಮ್ಮಲ್ಲಿ ಹಾಗೆ ಆಗದಿದ್ದರೆ ಅದೂ ಆ ಕಾಲಂನಲ್ಲೇ ಬರಲಿ.

ಎಣಿಸುವುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಐದು ಕ್ಷಣಗಳನ್ನು: ರೋಗಿಯನ್ನು ಮುಟ್ಟುವ ಮೊದಲು, ಶುದ್ಧವಾಗಿ ಮಾಡಬೇಕಾದ ಕೆಲಸಕ್ಕೆ ಮೊದಲು, ರಕ್ತ ಅಥವಾ ದೇಹದ ದ್ರವ ತಗುಲಿರಬಹುದು ಎನ್ನುವಾಗ, ರೋಗಿಯನ್ನು ಮುಟ್ಟಿದ ಮೇಲೆ, ಮತ್ತು ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ಮೇಲೆ. ಕೊನೆಯದು ಎಲ್ಲರಿಗೂ ಸುಲಭವಾಗಿ ತಪ್ಪುತ್ತದೆ. ರೋಗಿಯನ್ನು ಮುಟ್ಟಲೇ ಇಲ್ಲ, ಬೆಡ್‌ನ ಕಂಬಿ ಸರಿಸಿದೆ ಅಷ್ಟೇ ಅನ್ನಿಸುತ್ತದೆ. ಆ ಕಂಬಿಯ ಮೇಲೂ ರೋಗಾಣು ಇರುತ್ತದೆ.

ಗ್ಲೌಸ್ ಹಾಕಿದ್ದೇನಲ್ಲ ಎನ್ನುವ ಮಾತು ಕೇಳಿದ್ದೇನೆ. ಗ್ಲೌಸ್‌ನಲ್ಲಿ ಕಣ್ಣಿಗೆ ಕಾಣದ ತೂತು ಇರಬಹುದು, ಬಿಚ್ಚುವಾಗಲೂ ರೋಗಾಣು ಕೈಗೆ ಅಂಟಬಹುದು. ಹಾಗಾಗಿ ಬಿಚ್ಚಿದ ಮೇಲೂ ಕೈ ಶುಚಿ ಬೇಕು.

ಹ್ಯಾಂಡ್‌ರಬ್ ಆದರೆ 20ರಿಂದ 30 ಸೆಕೆಂಡ್ ಸಾಕು, ಸೋಪು ನೀರಾದರೆ ಒರೆಸಿಕೊಳ್ಳುವುದೂ ಸೇರಿ 40ರಿಂದ 60. ಹೆಬ್ಬೆರಳು ಮತ್ತು ಬೆರಳ ತುದಿ ಮರೆಯಬೇಡಿ. ಕೈಗೆ ಕೊಳೆ ಕಾಣುತ್ತಿದ್ದರೆ ಸೋಪು ನೀರೇ ಆಗಬೇಕು. ಸಿ. ಡಿಫಿಸಿಲ್ ಭೇದಿಯ ರೋಗಿಯ ಬಳಿಯೂ ಹಾಗೆಯೇ, ಅದರ ಬೀಜಾಣುಗಳನ್ನು ಆಲ್ಕೋಹಾಲ್ ಕೊಲ್ಲುವುದಿಲ್ಲ.

ಕೈ ಒಡೆಯುತ್ತದೆ, ಉರಿಯುತ್ತದೆ ಎಂದು ಹಲವರು ಹೇಳಿದ್ದೀರಿ. ಇದು ನೆಪ ಅಲ್ಲ, ನಿಜವಾದ ತೊಂದರೆ. ಪದೇ ಪದೇ ಸೋಪು ಹಾಕುವುದಕ್ಕಿಂತ ತೇವಾಂಶ ಉಳಿಸುವ ಅಂಶವಿರುವ ಹ್ಯಾಂಡ್‌ರಬ್ ಚರ್ಮಕ್ಕೆ ಹಿತ. ಸೋಪಿನಲ್ಲಿ ತೊಳೆದ ಬೆನ್ನಿಗೇ ರಬ್ ಹಾಕಬೇಡಿ, ಉರಿ ಜಾಸ್ತಿಯಾಗುತ್ತದೆ. ಪ್ರತಿ ನರ್ಸಿಂಗ್ ಸ್ಟೇಷನ್‌ನಲ್ಲೂ ಕೈಗೆ ಹಚ್ಚುವ ಕ್ರೀಮ್ ಇಡಿಸುತ್ತಿದ್ದೇನೆ.

ಬೈಯುವುದು ಬೇಡ ಎಂದು ನಿರ್ಧರಿಸುವಾಗ ನನಗೆ ವೈದ್ಯ ಸೆಮ್ಮೆಲ್‌ವೈಸ್ ನೆನಪಾದರು. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಅವರು ಡಾಕ್ಟರ್‌ಗಳ ಕೈಯನ್ನು ಕ್ಲೋರಿನ್ ದ್ರಾವಣದಲ್ಲಿ ತೊಳೆಸಿದರು. ಬಾಣಂತಿಯರ ಸಾವು ಕಣ್ಣಿಗೆ ಕಾಣುವಷ್ಟು ಇಳಿಯಿತು. ಆದರೂ ಬಹಳ ಮಂದಿ ವೈದ್ಯರು ಒಪ್ಪಲಿಲ್ಲ. ನೊಂದು ಅವರು ಒಪ್ಪದವರನ್ನು ಕೊಲೆಗಾರರು ಎಂದು ಬಹಿರಂಗ ಪತ್ರಗಳಲ್ಲಿ ಜರೆದರು. ಅದರಿಂದ ಹೆಚ್ಚಿನವರ ಮನಸ್ಸು ಬದಲಾಗಲಿಲ್ಲ. ಅವರು ಹೇಳಿದ್ದು ಸರಿಯೇ ಇತ್ತು. ನಾವು ಅದನ್ನೇ ಜೊತೆಯಲ್ಲಿ ನಿಂತು ಮಾಡೋಣ.

ಮೊದಲ ನಾಲ್ಕು ವಾರ ನಾವು ಎಲ್ಲಿದ್ದೇವೆ ಎಂದು ತಿಳಿಯಲು ಮಾತ್ರ. ಸಂಖ್ಯೆ ಕಡಿಮೆ ಬಂದರೂ ಪರವಾಗಿಲ್ಲ, ನಿಜ ಬರಲಿ. ಆಡಿಟ್ ನರ್ಸ್ ಕಂಡಾಗ ಮಾತ್ರ ಬಾಟಲಿ ಒತ್ತಿದರೆ ನಮ್ಮ ಕೊರತೆ ನಮಗೇ ಕಾಣುವುದಿಲ್ಲ. ಪ್ರತಿ ಶುಕ್ರವಾರ ಆಯಾ ವಾರ್ಡಿನ ಫಲಿತಾಂಶ ಆ ವಾರ್ಡಿಗೇ ತಲುಪುತ್ತದೆ. ಜೊತೆಗೆ, ನೀವು ಹೇಳಿದ ಅಡ್ಡಿಗಳಲ್ಲಿ ಎಷ್ಟನ್ನು ನಾವು ಸರಿಪಡಿಸಿದೆವು ಎಂಬ ಲೆಕ್ಕವೂ ಇರುತ್ತದೆ. ವಾರ್ಡ್ ವಾರ್ಡ್‌ಗಳ ನಡುವೆ ಪೈಪೋಟಿ ಇಡುವುದಿಲ್ಲ. ಐಸಿಯು ಕೆಲಸವೇ ಬೇರೆ, ಡಯಾಲಿಸಿಸ್ ಕೆಲಸವೇ ಬೇರೆ.

ಸೋಮವಾರಕ್ಕೆ ಮೊದಲು ಒಂದೇ ಒಂದು ಕೆಲಸ ಮಾಡಿ. ನಿಮ್ಮ ಜಾಗದಲ್ಲಿ ಯಾವ ಬಾಟಲಿ ಕೈಗೆ ಎಟುಕುವುದಿಲ್ಲ, ಯಾವ ಸಿಂಕ್‌ನಲ್ಲಿ ನೀರು ಸರಿಯಾಗಿ ಬರುವುದಿಲ್ಲ ಎಂದು ಈ ಮೇಲ್‌ಗೇ ಉತ್ತರ ಬರೆಯಿರಿ. ಎರಡು ಸಾಲು ಸಾಕು. ಮೇಲ್ ನೋಡದ ಹೌಸ್‌ಕೀಪಿಂಗ್ ಮತ್ತು ವಾರ್ಡ್ ಸಹಾಯಕರಿಗೆ ಆಯಾ ಇನ್‌ಚಾರ್ಜ್‌ಗಳು ಇದನ್ನು ಓದಿ ಹೇಳಿ, ಅವರ ಮಾತನ್ನೂ ಕೇಳಿ ಕಳಿಸಿ. ಬಂದ ಉತ್ತರಗಳನ್ನೆಲ್ಲ ನಾನೇ ಓದುತ್ತೇನೆ.

ವಂದನೆಗಳೊಂದಿಗೆ,
ಆಸ್ಪತ್ರೆಯ ಆಡಳಿತಾಧಿಕಾರಿ