ಯುಗಾದಿ ಊಟದ ಪ್ಲಾನ್: ಆರೂ ರುಚಿ ಎಲೆ ಮೇಲೆ ಬರಬೇಕು

ಎಲ್ಲರಿಗೂ ನಮಸ್ಕಾರ, ಈ ಸಲ ಯುಗಾದಿ ಮಾರ್ಚ್ 19, ಗುರುವಾರ, ಪರಾಭವ ಸಂವತ್ಸರ ಶುರು. ಊಟ ನಮ್ಮನೇಲಿ, ಮೈಸೂರಲ್ಲಿ. ಮಕ್ಕಳೂ ಸೇರಿ ಒಟ್ಟು ಹನ್ನೆರಡು ಜನ ಆಗ್ತೀವಿ. ಚಿಕ್ಕಮ್ಮ ಏನೇನ್ ಮಾಡೋದು ಅಂತ ಕೇಳ್ತಾ ಇದ್ರು, ಅದಕ್ಕೆ ಎಲ್ಲಾ ಒಂದೇ ಕಡೆ ಬರೀತಾ ಇದೀನಿ, ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ನನಗೆ ಒಂದೇ ಆಸೆ. ಬೆಳಗ್ಗೆ ಚಿಟಿಕೆ ಬೇವು ಬೆಲ್ಲ ತಿಂದು, ಆಮೇಲೆ ಇಡೀ ದಿನ ಬರೀ ಸಿಹಿ ಕಾರದಲ್ಲೇ ಕಳೆದುಬಿಡ್ತೀವಿ. ನಮ್ಮ ಕಡೆ ಬೇವು ಬೆಲ್ಲ ಅಂದ್ರೆ ಅದರಲ್ಲಿ ಕಹಿ, ಸಿಹಿ ಎರಡೇ ಇರೋದು. ಹುಳಿ, ಉಪ್ಪು, ಕಾರ ಹೇಗೋ ಊಟದಲ್ಲಿ ಬಂದೇ ಬರತ್ತೆ, ಆದ್ರೆ ಒಗರು ಪೂರ್ತಿ ಮರೆತೇ ಹೋಗಿದೆ, ಕಹೀನೂ ಆ ಚಿಟಿಕೆಗೇ ಮುಗೀತು. ಈ ಸಲ ಕಹಿಗೂ ಒಗರಿಗೂ ಒಂದೊಂದು ಸರಿಯಾದ ಅಡುಗೆ ಇರಲೇಬೇಕು ಅಂತ ಅಂದ್ಕೊಂಡಿದೀನಿ.

ಮೊದಲು ಸಿಹಿ. ಹೋಳಿಗೆ ಬಿಟ್ಟು ಬೇರೆ ಮಾತೇ ಇಲ್ಲ, ಬೇಳೆ ಹೋಳಿಗೆ. ತಲೆಗೆ ಎರಡು, ಮೇಲೊಂದಷ್ಟು ಅಂದ್ರೆ ಮೂವತ್ತು ಬೇಕು, ಅದಕ್ಕೆ ಮುಕ್ಕಾಲು ಕೆಜಿ ಕಡ್ಲೆಬೇಳೆ, ಮುಕ್ಕಾಲು ಕೆಜಿ ಬೆಲ್ಲ. ಬೇಳೆ ಬೆರಳಲ್ಲಿ ಒತ್ತಿದ್ರೆ ಮುರೀಬೇಕು, ಕರಗಿ ಗಂಜಿ ಆಗಬಾರದು, ಇಲ್ಲಾಂದ್ರೆ ಹೂರಣ ನೀರಾಗಿ ಲಟ್ಟಿಸೋಕೆ ಆಗಲ್ಲ. ಕಣಕ ಬೆಳಗ್ಗೆ ಬೇಗ ಕಲಸಿ ಎಣ್ಣೆಯಲ್ಲಿ ನೆನೆಸಿಡ್ತೀನಿ. ಹೋಳಿಗೆ ಇರೋದ್ರಿಂದ ಪಾಯಸ ಜಾಸ್ತಿ ಬೇಡ, ಎಲೆ ಮೂಲೆಗೆ ಒಂದು ಚಮಚ ಬಡಿಸೋಕೆ ಅಂತ ಸ್ವಲ್ಪ ಶಾವಿಗೆ ಪಾಯಸ, ಅದೂ ಸಕ್ಕರೆ ಕಮ್ಮಿ.

ಹುಳಿಗೆ ಮಾವಿನಕಾಯಿ ಚಿತ್ರಾನ್ನ. ಅಣ್ಣ, ನೀವು ಮಾರ್ಕೆಟ್‌ಗೆ ಹೋದಾಗ ತೋತಾಪುರಿ ತರಬೇಡಿ, ಅದು ಅಷ್ಟು ಹುಳಿ ಇರಲ್ಲ, ಚೆನ್ನಾಗಿ ಹುಳಿ ಇರೋ ಗಟ್ಟಿ ಕಾಯಿ ಎರಡು ಮೂರು ಸಾಕು. ಅರ್ಧ ಕೆಜಿ ಅಕ್ಕಿಗೆ ಎರಡು ಕಾಯಿ ತುರಿ, ಹುಳಿ ನೋಡ್ಕೊಂಡು ಹೆಚ್ಚು ಕಮ್ಮಿ. ಒಗ್ಗರಣೆ ಆದ್ಮೇಲೆ ಉರಿ ಸಣ್ಣ ಮಾಡಿ ತುರಿ ಹಾಕಿ ಒಂದೇ ನಿಮಿಷ ತಿರುವೋದು, ಜಾಸ್ತಿ ಹುರಿದ್ರೆ ಹಸಿ ಮಾವಿನ ಘಮ ಹೋಗಿಬಿಡತ್ತೆ.

ಕಾರ ಅಂತ ಬೇರೆ ಏನೂ ಬೇಡ, ಒಬ್ಬಟ್ಟಿನ ಸಾರೇ ಇದೆಯಲ್ಲ. ಬೇಳೆ ಬೆಂದ ಕಟ್ಟು ಚೆಲ್ಲಬೇಡಿ, ಅದಕ್ಕೆ ಒಂದು ಹಿಡಿ ಹೂರಣ, ಹುಣಸೆ ರಸ, ಸಾರಿನ ಪುಡಿ, ತೆಂಗಿನಕಾಯಿ ಜೊತೆ ಎಂಟು ಹತ್ತು ಮೆಣಸು ರುಬ್ಬಿ ಹಾಕೋದು. ಸಿಹಿ, ಹುಳಿ, ಕಾರ ಮೂರೂ ಒಂದೇ ಪಾತ್ರೇಲಿ, ಅದಕ್ಕೇ ಹುಳಿ ಸಾಂಬಾರ್ ಏನೂ ಮಾಡ್ತಿಲ್ಲ. ಜೊತೆಗೆ ಅಂಬೊಡೆ, ಶುಂಠಿ ಹಸಿಮೆಣಸಿನಕಾಯಿ ಹಾಕಿ.

ಉಪ್ಪಿನ ವಿಷಯ ಯಾರೂ ಯೋಚನೆ ಮಾಡಲ್ಲ, ಎಲ್ಲಾದರಲ್ಲೂ ಇದ್ದೇ ಇರತ್ತೆ ಅಂತ. ಆದ್ರೆ ಉಪ್ಪು ಒಂದು ರುಚಿಯಾಗಿ ನಾಲಿಗೆಗೆ ಗೊತ್ತಾಗಬೇಕು ಅಂದ್ರೆ ಪಲ್ಯ, ಕೋಸಂಬರಿಯಲ್ಲಿ ಸ್ವಲ್ಪ ಕೈ ಹಿಡಿದು ಹಾಕಬೇಕು. ಆಗ ಮಿಡಿ ಉಪ್ಪಿನಕಾಯಿ, ಹಪ್ಪಳ, ಕೊನೆಗೆ ಮಜ್ಜಿಗೆ ಮೆಣಸು ಎದ್ದು ಕಾಣತ್ತೆ. ಮಿಡಿ ಚಿಕ್ಕಮ್ಮ ತರ್ತಾರೆ.

ಈಗ ನನ್ನ ಇಷ್ಟದ ಎರಡು. ಕಹಿಗೆ ಹಾಗಲಕಾಯಿ ಗೊಜ್ಜು. ತೆಳ್ಳಗೆ ಹೆಚ್ಚಿ ಉಪ್ಪು ಸವರಿ ಇಟ್ಟು, ನೀರನ್ನ ಮೆತ್ತಗೆ ಹಿಂಡಬೇಕು ಅಷ್ಟೇ, ಬಟ್ಟೆ ಹಿಂಡಿದ ಹಾಗೆ ಹಿಂಡಿ ಕಹಿಯೆಲ್ಲಾ ತೆಗೆದುಬಿಟ್ರೆ ಹಾಗಲಕಾಯಿ ಯಾಕೆ ಬೇಕು? ಎಣ್ಣೇಲಿ ಗರಿಗರಿ ಹುರಿದು ಆಮೇಲೆ ಹುಣಸೆ ಬೆಲ್ಲದ ಗೊಜ್ಜಿಗೆ ಹಾಕೋದು. ಬೆಲ್ಲ ಹದವಾಗಿರಲಿ, ಕಹಿ ಮುಚ್ಚೋವಷ್ಟು ಬೇಡ. ಮಕ್ಕಳಿಗೆ ಎರಡೇ ಚೂರು ಹಾಕಿ, ಬಲವಂತ ಬೇಡ, ಆದ್ರೆ ಎಲೆ ಮೇಲೆ ಇರಲಿ.

ಒಗರಿಗೆ ಬಾಳೆಹೂವಿನ ಪಲ್ಯ. ಕೆಲಸ ಜಾಸ್ತಿ ಅಂತ ಎಲ್ಲರೂ ಬಿಡ್ತಾರೆ, ನಾನು ಬುಧವಾರ ರಾತ್ರಿ ಟಿವಿ ಮುಂದೆ ಕೂತ್ಕೊಂಡು ಬಿಡಿಸ್ತೀನಿ. ಪ್ರತಿ ಹೂವಿನಲ್ಲೂ ಒಂದು ಗಟ್ಟಿ ಕಡ್ಡಿ, ಒಂದು ಪಾರದರ್ಶಕ ಎಸಳು ಇರತ್ತಲ್ಲ, ಅದೆರಡೂ ತೆಗೀಬೇಕು. ಕೈಗೆ ಎಣ್ಣೆ ಸವರಿಕೊಳ್ಳಿ, ಕಲೆ ಹಿಡಿಯಲ್ಲ. ಹೆಚ್ಚಿದ್ದನ್ನ ಕೂಡಲೇ ನೀರು ಮಜ್ಜಿಗೇಲಿ ಹಾಕಿಟ್ರೆ ಕಪ್ಪಾಗಲ್ಲ. ಬೆಳಗ್ಗೆ ಬೇಯಿಸಿ ನೀರು ಬಸಿದು ತೆಂಗಿನ ತುರಿ ಹಾಕಿದ್ರೆ ಆಯ್ತು, ಒಗರು ನಾಲಿಗೆ ಕೊನೇಲಿ ಉಳಿಯತ್ತೆ. ಎರಡು ಹೂವು ಬೇಕು. ಸಿಗಲಿಲ್ಲ ಅಂದ್ರೆ ಬಾಳೆಕಾಯಿ ಪಲ್ಯ, ಅದೂ ಒಗರೇ.

ಇದರ ಜೊತೆ ಹೆಸರುಬೇಳೆ ಕೋಸಂಬರಿ, ತೊವ್ವೆ, ಅನ್ನ, ಮೊಸರು. ಅಷ್ಟೇ. ಪಟ್ಟಿ ಇನ್ನೂ ಉದ್ದ ಮಾಡಬೇಡಿ ಪ್ಲೀಸ್, ಹೋದ ವರ್ಷದ ತರ ನಾಲ್ಕು ಪಲ್ಯ ಆದ್ರೆ ಯಾವುದರ ರುಚೀನೂ ಗೊತ್ತಾಗಲ್ಲ.

ಬಡಿಸೋ ಕ್ರಮ. ಬೆಳಗ್ಗೆ ಎಣ್ಣೆ ಸ್ನಾನ, ಪೂಜೆ ಆದ್ಮೇಲೆ ಖಾಲಿ ಹೊಟ್ಟೆಗೆ ಬೇವು ಬೆಲ್ಲ. ಅತ್ತಿಗೆ ಧಾರವಾಡದವರು, ಅವರ ಕಡೆ ಬೇವು ಅಂದ್ರೆ ಹುಣಸೆ, ಬೆಲ್ಲ, ಮಾವಿನಕಾಯಿ, ಪುಟಾಣಿ ಹಾಕಿ ಕುಡಿಯೋ ಪಾನಕದ ತರ ಮಾಡ್ತಾರೆ, ಅದೂ ಒಂದು ಚೊಂಬು ಮಾಡಿ ಅತ್ತಿಗೆ, ಮಕ್ಕಳಿಗೆ ತುಂಬಾ ಇಷ್ಟ ಆಗತ್ತೆ.

ಊಟ ಹನ್ನೆರಡೂವರೆಗೆ. ಎಲೆ ತುದಿ ಎಡಗಡೆ. ಮೊದಲು ಎಡಗಡೆ ಮೇಲೆ ಉಪ್ಪು, ಉಪ್ಪಿನಕಾಯಿ, ಆಮೇಲೆ ಸಾಲಾಗಿ ಕೋಸಂಬರಿ, ಬಾಳೆಹೂವಿನ ಪಲ್ಯ, ಗೊಜ್ಜು, ಕೆಳಗೆ ಚಿತ್ರಾನ್ನ ಸ್ವಲ್ಪ, ಬಲಗಡೆ ಮೂಲೆಗೆ ಪಾಯಸ. ನಡುವೆ ಅನ್ನ, ತೊವ್ವೆ, ಮೇಲೆ ತುಪ್ಪ. ತುಪ್ಪ ಬಿದ್ಮೇಲೇ ಕೈ ಹಾಕೋದು.

ಪಾಯಸದ ಸಿಹಿ ನಾಲಿಗೆಗೆ ಮೊದಲು, ಹಿಂದೇನೇ ಚಿತ್ರಾನ್ನದ ಹುಳಿ. ಗೊಜ್ಜನ್ನ ತೊವ್ವೆ ಅನ್ನದ ಜೊತೆ ತಿನ್ನಿ ಅಂತ ಎಲ್ಲರಿಗೂ ಹೇಳಿ, ತೊವ್ವೆ ಸಪ್ಪೆ ಇರೋದ್ರಿಂದ ಕಹಿ ಚೆನ್ನಾಗಿ ಕೂರತ್ತೆ, ಸಾರಿನ ಜೊತೆ ತಿಂದ್ರೆ ಕಾರದಲ್ಲಿ ಕಳೆದುಹೋಗತ್ತೆ. ಎರಡನೇ ಸಲ ಅನ್ನ ಬಂದಾಗ ಒಬ್ಬಟ್ಟಿನ ಸಾರು, ಬಿಸಿ ಅಂಬೊಡೆ, ಹಪ್ಪಳ. ಆಮೇಲೆ ಹೋಳಿಗೆ. ಇದನ್ನ ಅನ್ನ ಎಲ್ಲಾ ಮುಗಿದು ಹೊಟ್ಟೆ ತುಂಬಿದ್ಮೇಲೆ ಬಡಿಸಿದ್ರೆ ಅರ್ಧ ಎಲೆಯಲ್ಲೇ ಉಳಿಯತ್ತೆ, ಅದಕ್ಕೆ ಎರಡನೇ ಸಲದ ಅನ್ನ ಒಂದೇ ಸೌಟು ಬಡಿಸಿ. ಹೋಳಿಗೆ ಕಾವಲಿಯಿಂದ ನೇರ ಎಲೆಗೆ, ಮೇಲೆ ತುಪ್ಪ, ಕೇಳಿದವರಿಗೆ ಹಾಲು. ಕೊನೆಗೆ ಮೊಸರನ್ನ, ಮಜ್ಜಿಗೆ ಮೆಣಸು, ಉಳಿದ ಬಾಳೆಹೂವಿನ ಪಲ್ಯ ಇನ್ನೊಂದು ಸಲ, ಅಷ್ಟು ಬೆಲ್ಲ ತುಪ್ಪ ತಿಂದ ಬಾಯಿಗೆ ಆ ಒಗರು ಹಿತವಾಗಿರತ್ತೆ.

ನಾವು ಬಡಿಸೋರು ಮೂರು ಜನ ಆಮೇಲೆ ಕೂರ್ತೀವಿ, ನಮಗೆ ಬಡಿಸೋ ಜವಾಬ್ದಾರಿ ಅಣ್ಣಂದು. ಬಾಳೆ ಎಲೆ ಹದಿನೈದು, ಬಾಳೆಹೂವು, ಬೇವಿನ ಹೂವು ದೇವರಾಜ ಮಾರುಕಟ್ಟೆಯಿಂದ ಮಂಗಳವಾರವೇ ತಂದುಬಿಡಿ, ಹಬ್ಬದ ಹಿಂದಿನ ದಿನ ಅಲ್ಲಿ ಕಾಲಿಡೋಕೂ ಜಾಗ ಇರಲ್ಲ. ಎಲೆ ಒದ್ದೆ ಬಟ್ಟೇಲಿ ಸುತ್ತಿಡ್ತೀನಿ. ಇನ್ಯಾರಾದ್ರೂ ಬರೋದಿದ್ರೆ ಸೋಮವಾರದೊಳಗೆ ಹೇಳಿ, ಹೂರಣದ ಲೆಕ್ಕ ಬದಲಾಗತ್ತೆ.